ದಂಡವಿಲ್ಲದೆ ಓಡಲು ಕೊನೆಯ ದಿನ

ಅಪರ್ಣ ಸ್ಟೂಲಿನ ಮೇಲೆ ನಿಂತು ಕುಣಿಗಲ್ ಬಸ್ ನಿಲ್ದಾಣದ ಗೋಡೆಯ ಪೋಸ್ಟರಿನಿಂದ ‘ದಂಡವಿಲ್ಲದೆ’ ಎಂಬ ಪದವನ್ನು ಚಮಚದಲ್ಲಿ ಕೆರೆಯುತ್ತಿದ್ದಳು. ಕೆಳಗೆ ಏಜಾಜ್ ಅಹಮದ್ ಸ್ಟೂಲು ಹಿಡಿದುಕೊಂಡಿದ್ದ. ಮೈದಾ ಅಂಟು ಗಟ್ಟಿಯಾಗಿ ಹಿಡಿದಿತ್ತು. ಬಸ್ಸಿಗೆ ಕಾಯುತ್ತಿದ್ದವರು ಹತ್ತಿರ ಬಂದು ನಿಂತರು. ಒಬ್ಬ ಹೆಗಲಿನ ಚೀಲ ಸರಿಸಿಕೊಂಡು, ದಂಡಸಹಿತ ಯಾವತ್ತಿಂದ ಶುರು ಎಂದು ಕೇಳಿದ.

‘ದಂಡ ಅನ್ನೋದೇ ಇಲ್ಲ ಅಣ್ಣ,’ ಎಂದಳು ಅಪರ್ಣ.

‘ಹಂಗಾದ್ರೆ ಅರ್ಜೆಂಟ್ ಏನಿಲ್ಲ ಬುಡಿ,’ ಎಂದು ಅವನು ಹುಲಿಯೂರುದುರ್ಗದ ಬಸ್ಸು ಹತ್ತಿದ.

ಅಪರ್ಣ ತುಮಕೂರಿನಲ್ಲಿ ಫಿಸಿಯೋಥೆರಪಿಸ್ಟ್. ಊರಿನವರ ಮಂಡಿನೋವುಗಳನ್ನೆಲ್ಲ ನೋಡಿ ಬೇಸತ್ತು, ಫೆಬ್ರವರಿಯ ಮೊದಲ ಭಾನುವಾರ ಕುಣಿಗಲ್ ಕೆರೆಯ ಸುತ್ತಮುತ್ತ ಹತ್ತು ಕಿಲೋಮೀಟರ್ ಓಟ ಇಟ್ಟಿದ್ದಳು. ಆಂಬುಲೆನ್ಸಿಗೆ ಮತ್ತು ಓಟದ ಸಮಯ ಅಳೆಯುವ ಕಂಪನಿಗೆ ತನ್ನ ಉಳಿತಾಯದಿಂದಲೇ ಮುಂಗಡ ಕೊಟ್ಟಿದ್ದಳು. ಮುನ್ನೂರು ಜನ ಸೇರದಿದ್ದರೆ ಕಂಪನಿಯವರು ಬರುವುದಿಲ್ಲ. ಅವರು ಬರದಿದ್ದರೆ ಓಟವೂ ಇಲ್ಲ, ಮುಂಗಡವೂ ಇಲ್ಲ.

ದರಗಳನ್ನು ಅವಳು ಯೋಚಿಸಿಯೇ ಇಟ್ಟಿದ್ದಳು. ಬೇಗ ಬರುವವರಿಗೆ ನಾನೂರು. ಅದಕ್ಕೆ ಕೊನೆ ಡಿಸೆಂಬರ್ ಹತ್ತು, ಏಕೆಂದರೆ ತಿಂಗಳ ಕೊನೆಯಲ್ಲಿ ಯಾರ ಜೇಬಿನಲ್ಲೂ ಏನೂ ಇರುವುದಿಲ್ಲ, ಸಂಬಳ ಬಂದ ಮೇಲೆ ಒಂದು ವಾರವಾದರೂ ಬಿಡಬೇಕು. ಆಮೇಲೆ ಸಾಮಾನ್ಯ ದರ ಐನೂರೈವತ್ತು. ಅದಕ್ಕೆ ಮೊದಲು ಸಂಕ್ರಾಂತಿಯ ದಿನವನ್ನೇ ಕೊನೆ ಎಂದು ಗುರುತು ಹಾಕಿದ್ದಳು. ಟೀ ಶರ್ಟ್ ಪ್ರಿಂಟ್ ಮಾಡುವ ಏಜಾಜ್, ಅವತ್ತು ಜನ ಎಳ್ಳು ಬೀರುತ್ತಾರೆಯೇ ಹೊರತು ಫೋನ್ ಮುಟ್ಟುವುದಿಲ್ಲ, ಹದಿನೆಂಟರ ಭಾನುವಾರ ಇಡಿ, ಅಲ್ಲಿಂದ ತನಗೆ ಬಟ್ಟೆ ತರಿಸಿ ಅಚ್ಚು ಹಾಕಲು ಸಮಯ ಸರಿಹೋಗುತ್ತದೆ ಎಂದಿದ್ದ. ಕೊನೆಗಳಿಗೆಯವರಿಗೆ ಏಳುನೂರು. ಅವರಿಗೆ ಓಟದ ಹಿಂದಿನ ಶುಕ್ರವಾರದವರೆಗೆ ಅವಕಾಶ, ಆದರೆ ಟೀ ಶರ್ಟಿನಲ್ಲಿ ಉಳಿದ ಅಳತೆ ಯಾವುದೋ ಅದೇ.

ಇದನ್ನೆಲ್ಲ ಕನ್ನಡದಲ್ಲಿ ಪೋಸ್ಟರ್ ಮಾಡಿಸುವ ಕೆಲಸವನ್ನು ವೆಂಕಟೇಶಯ್ಯನವರಿಗೆ ಕೊಟ್ಟದ್ದೇ ತಪ್ಪಾಯಿತು. ಅವರು ಕುಣಿಗಲ್ಲಿನ ವಾಯುವಿಹಾರಿಗಳ ಸಂಘದ ಅಧ್ಯಕ್ಷರು, ಮೂವತ್ತು ವರ್ಷ ಪರೀಕ್ಷಾ ವಿಭಾಗದಲ್ಲಿದ್ದು ನಿವೃತ್ತರಾದವರು. ಮೂರು ದರ, ಮೂರು ದಿನಾಂಕ ಕಂಡ ಕೂಡಲೇ ಅವರಿಗೆ ಎಲ್ಲವೂ ಅರ್ಥವಾಗಿಬಿಟ್ಟಿತು. ದಂಡವಿಲ್ಲದೆ, ದಂಡಸಹಿತ, ವಿಶೇಷ ದಂಡಸಹಿತ ಎಂದು ಬರೆದು, ಕೆಳಗೆ ‘ಅಧ್ಯಕ್ಷರು’ ಎಂದು ಸಹಿ ಹಾಕಿ ಮೂರು ತಾಲ್ಲೂಕುಗಳಲ್ಲಿ ಅಂಟಿಸಿದರು.

ಜನಕ್ಕೂ ತಕ್ಷಣ ಅರ್ಥವಾಯಿತು. ಆದ್ದರಿಂದ ಯಾರೂ ಹಣ ಕಟ್ಟಲಿಲ್ಲ. ಕೊನೆಯ ದಿನಾಂಕ ವಿಸ್ತರಣೆಯಾಗದ ಶುಲ್ಕವನ್ನು ಆ ಮೂರು ತಾಲ್ಲೂಕುಗಳಲ್ಲಿ ಯಾರೂ ಕಂಡಿರಲಿಲ್ಲ. ಅಪರ್ಣಳ ಕ್ಲಿನಿಕ್ಕಿಗೆ ಫೋನುಗಳು ಬರತೊಡಗಿದವು. ಹಾಲ್ ಟಿಕೆಟ್ ಯಾವಾಗ ಕೊಡುತ್ತಾರೆ? ಅರ್ಧಕ್ಕೆ ನಿಂತವರಿಗೆ ಜೂನಿನಲ್ಲಿ ಪೂರಕ ಓಟ ಇದೆಯೇ? ಗುಬ್ಬಿಯಿಂದ ಅಡವಿಯಪ್ಪ ಎಂಬಾತ ವೈದ್ಯಕೀಯ ಪ್ರಮಾಣಪತ್ರ ಹಿಡಿದೇ ಬಂದ. ನವೆಂಬರಿನಲ್ಲಿ ಟೈಫಾಯ್ಡ್ ಆಗಿದ್ದರಿಂದ ಅಭ್ಯಾಸಕ್ಕೆ ಹಾಜರಾತಿ ಕಡಿಮೆ ಬಿದ್ದಿದೆ, ಅದನ್ನು ಮನ್ನಿಸಬೇಕು ಎಂದ. ಅಪರ್ಣ ಪ್ರಮಾಣಪತ್ರ ಓದಿ, ಅದು ಪಶುವೈದ್ಯರದೆಂದು ತೋರಿಸಿದಳು. ಊರಲ್ಲಿ ಅವರೊಬ್ಬರೇ ಸಿಕ್ಕಿದ್ದು ಎಂದ ಅಡವಿಯಪ್ಪ.

ಡಿಸೆಂಬರ್ ಹತ್ತರಂದು ಲೆಕ್ಕಕ್ಕೆ ಸಿಕ್ಕವರು ನಲವತ್ತು ಜನ. ಅಪರ್ಣ ಹೆದರಿದಳು. ವೆಂಕಟೇಶಯ್ಯ ಸಂತೋಷಪಟ್ಟರು. ಇದು ಸಹಜ ಎಂದು ಸಮಾಧಾನ ಹೇಳಿ ಇಪ್ಪತ್ತರವರೆಗೆ ವಿಸ್ತರಿಸುವಂತೆ ಅವಳನ್ನು ಒಪ್ಪಿಸಿದರು. ಎರಡನೆಯ ಸಲ ಕೇಳುವ ಗೋಜಿಗೂ ಹೋಗದೆ, ಮೂವತ್ತೊಂದರವರೆಗೆ ಎಂದು ತಾವೇ ಅಧಿಸೂಚನೆ ಅಂಟಿಸಿದರು. ಪ್ರತಿ ವಿಸ್ತರಣೆಯೂ ಮುಂದಿನದರ ಮೇಲಿನ ನಂಬಿಕೆಯನ್ನು ಹೆಚ್ಚಿಸಿತು.

ಆಗ ಕ್ಯಾತ್ಸಂದ್ರದಿಂದ ಸಿದ್ದಲಕ್ಷ್ಮಮ್ಮ ಬಂದರು. ಹೈವೇ ಪಕ್ಕ ತಟ್ಟೆ ಇಡ್ಲಿ ಹೋಟೆಲು ನಡೆಸುವ ಅವರು ಮೊದಲ ದಿನವೇ ಹಣ ಕಟ್ಟಿದ್ದರು. ಕುರ್ಚಿ ಎಳೆದುಕೊಂಡು ಕೂತು, ‘ಮೊದಲು ಬಂದೋರಿಗೆ ಕಮ್ಮಿ ಅಂದ್ಯಲ್ಲವ್ವ. ತಿಂಗಳು ಬಿಟ್ಟು ಬಂದೋನಿಗೂ ಅದೇ ರೇಟು. ನಾನೇನು ಪೆದ್ದಿನಾ?’ ಎಂದರು.

ಮೂವತ್ತೊಂದು ಮುಗಿಯುತ್ತಿದ್ದಂತೆ ವೆಬ್‌ಸೈಟಿನಲ್ಲಿ ದರ ಐನೂರೈವತ್ತಕ್ಕೆ ಏರಿತು. ಮರುದಿನವೇ ಅಪರ್ಣ ಏಜಾಜನನ್ನು ಕರೆದುಕೊಂಡು ಪೋಸ್ಟರ್ ಕೆರೆಯಲು ಹೊರಟಿದ್ದಳು.

ಕೆರೆದದ್ದರಿಂದ ಏನೂ ಆಗಲಿಲ್ಲ. ದರ ಏರಿದ್ದು ತಾಂತ್ರಿಕ ದೋಷ ಎಂದು ಜನ ನಂಬಿದರು.

ಜನವರಿ ಹದಿನೆಂಟರ ಸಂಜೆ ಏಜಾಜನ ಅಂಗಡಿಯಲ್ಲಿ ಅಪರ್ಣ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ವಿಸ್ತರಣೆಗಳಲ್ಲಿ ಸೇರಿದವರನ್ನೂ ಹಿಡಿದು ಇನ್ನೂರ ಹನ್ನೊಂದು ಜನ. ಆರು ಗಂಟೆಗೆ ಟೀ ಶರ್ಟಿನ ಅಳತೆಗಳ ಪಟ್ಟಿ ಹೋಗಬೇಕು, ಕಂಪನಿಗೂ ಹೂಂ ಅಥವಾ ಊಹೂಂ ಹೇಳಬೇಕು. ಅಂಗಡಿಯ ಹೊರಗೆ ಫುಟ್‌ಪಾತ್ ತುಂಬ ಜನ. ಗುಬ್ಬಿಯವರು, ಕುಣಿಗಲ್ಲಿನವರು, ಅಡವಿಯಪ್ಪ, ಅಡವಿಯಪ್ಪನ ಇಬ್ಬರು ಭಾಮೈದುನರು. ಎಲ್ಲರೂ ಓಟದ ಬೂಟು ಹಾಕಿಕೊಂಡು, ಹಣ ಕಳಿಸುವ ಗುಂಡಿಯ ಮೇಲೆ ಹೆಬ್ಬೆರಳು ಇಟ್ಟು, ವಿಸ್ತರಣೆಗೆ ಕಾಯುತ್ತಿದ್ದರು. ಬೆರಳು ಮರಗಟ್ಟಿದವರು ಕೈ ಬದಲಿಸಿಕೊಳ್ಳುತ್ತಿದ್ದರು. ಒಬ್ಬ ಕಡಲೆಕಾಯಿ ಮಾರುತ್ತಿದ್ದ.

ವೆಂಕಟೇಶಯ್ಯ ಒಳಗೆ ಬಂದು ಟೈಪ್ ಮಾಡಿಸಿದ ಹಾಳೆ ಮೇಜಿನ ಮೇಲಿಟ್ಟರು. ಇಪ್ಪತ್ತೈದರವರೆಗೆ, ದಂಡವಿಲ್ಲದೆ.

‘ಒಂದು ಸೈನ್ ಹಾಕಮ್ಮ. ಅಷ್ಟೂ ಜನ ನಿನ್ನೋರೇ.’

ಇಪ್ಪತ್ತೈದಕ್ಕೆ ಅಳತೆ ಸಿಕ್ಕರೆ ಅಚ್ಚು ಆರುವ ಮೊದಲೇ ಓಟ ಮುಗಿದಿರುತ್ತದೆ ಎಂದ ಏಜಾಜ್. ಅಪರ್ಣ ಹೊರಗಿನ ಹೆಬ್ಬೆರಳುಗಳನ್ನು ನೋಡಿದಳು. ಸಹಿ ಹಾಕಿದರೆ ಅವು ಗುಂಡಿ ಬಿಟ್ಟು ಮನೆಗೆ ಹೋಗಿ, ಇಪ್ಪತ್ತೈದರ ಸಂಜೆ ಮತ್ತೆ ಇಲ್ಲೇ ಬಂದು ನಿಲ್ಲುತ್ತವೆ. ಅವಳು ಹಾಳೆಯನ್ನು ಮಡಿಸಿ ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗೆ ಕೊಟ್ಟಳು. ಬಾಗಿಲಿಗೆ ಹೋಗಿ, ಆರಕ್ಕೆ ಮುಚ್ಚುತ್ತದೆ, ಆಮೇಲೆ ಏಳುನೂರು ಎಂದಳು.

ಯಾರೂ ನಗಲಿಲ್ಲ. ಅಡವಿಯಪ್ಪ ಒಂದು ಹೆಜ್ಜೆ ಮುಂದೆ ಬಂದ.

‘ನಿಜ್ವಾಗ್ಲೂ ಮುಚ್ತದಾ?’

‘ಮುಚ್ಚುತ್ತೆ.’

‘ಸಿದ್ದಗಂಗೆ ಆಣೆಗೂ?’

‘ಆಣೆಗೂ.’

ಇಂಥದ್ದೊಂದು ಅವರ ಜೀವಮಾನದಲ್ಲಿ ನಡೆದಿರಲಿಲ್ಲ. ಒಬ್ಬ ಕಣ್ಣು ಮುಚ್ಚಿಕೊಂಡು ಒತ್ತಿದ. ಆಮೇಲೆ ಎಲ್ಲರೂ ಒತ್ತಿದರು. ಕಡಲೆಕಾಯಿಯವನು ತಕ್ಕಡಿ ಕೆಳಗಿಟ್ಟು, ತನ್ನ ಅಳತೆ ಎಕ್ಸ್‌ಎಲ್ ಎಂದು ಕೂಗಿ ಒತ್ತಿದ. ಮುನ್ನೂರು ದಾಟಿತು. ಅಪರ್ಣ ಕುರ್ಚಿಗೆ ಮರಳಿ, ಪಟ್ಟಿಯನ್ನು ಏಜಾಜನಿಗೂ, ಹೂಂ ಎಂಬ ಒಂದೇ ಪದವನ್ನು ಕಂಪನಿಗೂ ಕಳಿಸಿದಳು. ಹೊರಗೆ ಜನ ರ್‍ಯಾಂಕ್ ಬಂದವರಂತೆ ಕೈ ಕುಲುಕುತ್ತಿದ್ದರು.

ಆರು ಹೊಡೆಯಿತು. ದರ ತಾನಾಗಿಯೇ ಏಳುನೂರಾಯಿತು. ಗುಂಪು ಕರಗಿದ ಮೇಲೆ, ಏಜಾಜನನ್ನು ಬಿಟ್ಟರೆ, ಒಳಗೆ ಉಳಿದಿದ್ದವರು ವೆಂಕಟೇಶಯ್ಯ ಒಬ್ಬರೇ. ಆಗ ಅಪರ್ಣಳಿಗೆ ಅವರ ಕಾಲು ಕಂಡಿತು. ಹೊಚ್ಚ ಹೊಸ ಬೂಟು. ಮೂರು ತಿಂಗಳಿಂದ ದಿನಾ ಬೆಳಿಗ್ಗೆ ಕೆರೆ ಏರಿಯ ಮೇಲೆ ಓಡಿ ಅಭ್ಯಾಸ ಮಾಡಿದ್ದ ಮನುಷ್ಯ. ಪಟ್ಟಿಯಲ್ಲಿ ಹುಡುಕಿದಳು. ಅವರ ಹೆಸರಿರಲಿಲ್ಲ.

‘ಸಾರ್, ನೀವೇ ಕಟ್ಟಿಲ್ವಲ್ಲ.’

ಅವರು ಮೇಜಿನ ಕಾಲಿನ ಕೆಳಗಿನ ಹಾಳೆಯನ್ನು ನೋಡುತ್ತ ನಿಂತಿದ್ದರು.

‘ಇನ್ನೂ ಮೂವತ್ತರವರೆಗೆ ಇದೆ ಸಾರ್, ಕೊನೆಗಳಿಗೆ ದರದಲ್ಲಿ. ನಿಮ್ಮ ಹೆಸರು ನಾನೇ ಹಾಕ್ತೀನಿ. ದುಡ್ಡೂ ನಾನೇ ಕಟ್ತೀನಿ. ಹೂಂ ಅನ್ನಿ, ಸಾಕು.’

ವೆಂಕಟೇಶಯ್ಯ ಬಗ್ಗಿ ಬೂಟಿನ ದಾರ ಬಿಗಿ ಮಾಡಿಕೊಂಡರು. ಗೋಡೆಯ ಪಕ್ಕದ ಬೆಂಚಿನ ಮೇಲೆ, ಬಸ್ಸು ಇನ್ನೇನು ಬರುತ್ತದೆ ಎನ್ನುವವರಂತೆ ನೆಟ್ಟಗೆ ಕೂತರು.

‘ಬೇಡ,’ ಎಂದರು. ‘ವಿಸ್ತರಣೆ ಆಗಲಿ, ಆಮೇಲೆ ಓಡ್ತೀನಿ.’