ಏಳನೆಯ ಕಂತು

ಹಿನಕಲ್‌ನಿಂದ ಪಡುವಾರಹಳ್ಳಿಯವರೆಗೆ ನಿಂಗಯ್ಯ ಸೈಕಲ್ಲನ್ನು ತಳ್ಳಿಕೊಂಡೇ ಬಂದ. ಅವನಿಗೆ ತುಳಿಯಲು ಬರುತ್ತಿರಲಿಲ್ಲ. ಮಗಳು ಚಾಮುಂಡೇಶ್ವರಿ ಎರಡು ಹೆಜ್ಜೆ ಹಿಂದೆ, ಸೆರಗನ್ನು ಎಡಗೈಗೆ ಸುತ್ತಿಕೊಂಡು ನಡೆಯುತ್ತಿದ್ದಳು. ಸೈಕಲ್ಲಿನ ಹ್ಯಾಂಡಲ್ಲಿಗೆ ಮದುವೆಯ ದಿನ ಕಟ್ಟಿದ ಅರಿಶಿನದ ದಾರ ಇನ್ನೂ ಇತ್ತು. ಬಣ್ಣ ಮಾತ್ರ ಹೋಗಿತ್ತು.

ಟೀ ಅಂಗಡಿಯ ತಿಮ್ಮಮ್ಮ ಲೋಟ ತೊಳೆಯುತ್ತ ಕೂಗಿದಳು.

"ಏನ್ ನಿಂಗಣ್ಣ, ಮಗಳನ್ನ ಯಾವಾಗ ಕಡಕೊಳಕ್ಕೆ ಕಳಿಸ್ತೀಯ?"

"ಸೋಮವಾರ ಕಣವ್ವ, ಸೋಮವಾರ," ಎಂದ ನಿಂಗಯ್ಯ, ನಿಲ್ಲದೆ.

ಚಾಮುಂಡೇಶ್ವರಿ ನೆಲ ನೋಡಿದಳು. ಸೋಮವಾರ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಸೈಕಲ್ಲು ಅಳಿಯ ಗೋವಿಂದರಾಜುವಿಗೆ ಕೊಟ್ಟದ್ದು. ಮರದ ಡಿಪೋದಲ್ಲಿ ಕೂಲಿ ಮಾಡುವ ನಿಂಗಯ್ಯ ಅದನ್ನು ಧನ್ವಂತರಿ ರಸ್ತೆಯ ಅಂಗಡಿಯಲ್ಲಿ ಕಂತಿನ ಮೇಲೆ ತಂದಿದ್ದ. ಐದು ಕಂತು ಕಟ್ಟಿದ, ಆರನೆಯದು ತಪ್ಪಿತು. ಅಂಗಡಿಯ ವಸೂಲಿಯವನು ಸೈಕಲ್ಲು ಎಲ್ಲಿದೆಯೋ ಅಲ್ಲಿಗೇ, ಅಳಿಯನ ಊರು ಕಡಕೊಳಕ್ಕೇ ಹೋದ. ಜಗಲಿಯ ಮೇಲೆ ನಾಲ್ಕು ಜನ ಕೂತಿದ್ದಾಗ, "ಇದು ಇನ್ನೂ ನಮ್ಮ ಅಂಗಡೀದು ಸ್ವಾಮಿ, ಹುಷಾರಾಗಿಟ್ಕೊಳಿ," ಎಂದು ಹೇಳಿ ಬಂದ. ಆ ರಾತ್ರಿ ನಡೆದದ್ದರ ಗುರುತು ಚಾಮುಂಡೇಶ್ವರಿಯ ಎಡಗೈಯ ಮೇಲಿತ್ತು. ಅದು ಮೊದಲನೆಯ ಗುರುತೂ ಆಗಿರಲಿಲ್ಲ. ಬೆಳಿಗ್ಗೆ ಗೋವಿಂದರಾಜು ಅವಳನ್ನು ಹಿಂದೆ ಕೂರಿಸಿಕೊಂಡು ಬಂದು, ಹೆಂಡತಿ, ಸೈಕಲ್ಲು ಎರಡನ್ನೂ ಮಾವನ ಬಾಗಿಲಲ್ಲಿ ಬಿಟ್ಟ. "ಬಾಡಿಗೆ ಸೈಕಲ್ ಕೊಟ್ಟು ನನ್ ಮಾನ ಕಳೆದ್ರಿ. ಸ್ವಂತದ್ದು ತಕ್ಕೊಂಡ್ ಬಂದ್ರೆ ಮಗಳೂ ಬರ್ಲಿ," ಎಂದು ಬಸ್ಸು ಹತ್ತಿ ಹೋದ.

ನಿಂಗಯ್ಯನ ಲೆಕ್ಕ ಸರಳವಾಗಿತ್ತು. ಸೈಕಲ್ಲು ವಾಪಸು ಕೊಡುವುದು, ಕಟ್ಟಿದ ಹಣದಲ್ಲಿ ಬಡ್ಡಿ ಮುರಿದುಕೊಂಡು ಉಳಿದದ್ದನ್ನು ಈಸಿಕೊಳ್ಳುವುದು, ಅದರಲ್ಲಿ ಹಳೆಯದೊಂದು ಸೈಕಲ್ಲು ಪೂರ್ತಿ ಸ್ವಂತಕ್ಕೆ ಕೊಂಡು ಮಗಳ ಜೊತೆ ಕಳಿಸುವುದು. ಹೊರಡುವಾಗ ಹೆಂಡತಿ ಪುಟ್ಟತಾಯಮ್ಮ ಅಡ್ಡ ಬಂದಿದ್ದಳು: "ಶುಕ್ರವಾರ ಪೂಜೆ ಮಾಡಿದ ವಸ್ತು ಆಚೆ ಕಳಿಸ್ಬ್ಯಾಡಿ." ಅವನು ಕೇಳಲಿಲ್ಲ; ವಿಚಾರಿಸಿಕೊಂಡು ಬರುತ್ತೇನೆ ಎಂದಷ್ಟೇ ಹೇಳಿದ್ದ.

ಧನ್ವಂತರಿ ರಸ್ತೆಯ ಅಂಗಡಿಯಲ್ಲಿ ಯಜಮಾನ ವೃಷಭೇಂದ್ರಪ್ಪ ಹಣೆಯ ವಿಭೂತಿಯ ಕೆಳಗೆ ಕನ್ನಡಕ ಏರಿಸಿಕೊಂಡು ಸೈಕಲ್ಲನ್ನು ಒಂದು ಸುತ್ತು ನೋಡಿದರು. ಹಿಂದಿನ ಮಡ್‌ಗಾರ್ಡು ನೆಗ್ಗಿತ್ತು.

"ಕೂತ್ಕೊಳಿ ನಿಂಗಯ್ಯನೋರೆ. ಕೂತ್ಕೊಳಮ್ಮ. ವಾಪಸ್ ಕೊಡ್ಬೇಕು ಅಂತೀರ. ಕೊಡ್ಬೋದು, ಬೇಡ ಅನ್ನಲ್ಲ. ಕಟ್ಟಿರೋದು ಮಾತ್ರ ಬರಲ್ಲ."

"ಬರಲ್ಲ ಅಂದ್ರೆ? ಮುಂಗಡ ಅರವತ್ತು, ಆಮೇಲೆ ಐದು ತಿಂಗಳು ಹದಿನಾರೂವರೆ. ನಿಮ್ ಬಡ್ಡಿ ಮುರ್ಕೊಳಿ ಸ್ವಾಮಿ, ಮಿಕ್ಕಿದ್ದು ಕೊಡಿ. ಸೈಕಲ್ಲೂ ನಿಮಗೆ, ದುಡ್ಡೂ ನಿಮಗಾ?"

"ಬೈಕೊಳಿ, ಪರ್ವಾಗಿಲ್ಲ, ಎಲ್ರೂ ಬೈತಾರೆ. ಆದ್ರೆ ಕೇಳಿ. ಆವತ್ತು ಅಂಗಡಿಯಿಂದ ಆಚೆ ಹೋಗೋಕೆ ಮುಂಚೆ ಬೇಡ ಅಂದಿದ್ರೆ ನಿಮ್ ಅರವತ್ತೂ ಎಣಿಸಿ ಕೊಟ್ಬುಡ್ತಿದ್ದೆ. ಕಂತೂ ಇಲ್ಲ, ಬಡ್ಡೀನೂ ಇಲ್ಲ. ಸೈಕಲ್ಲು ರೋಡಿಗಿಳೀತು ನೋಡಿ, ಆವತ್ತಿಂದ ಬೇರೆ ಲೆಕ್ಕ. ಕೊನೇ ಕಂತು ಕಟ್ಟೋವರೆಗೂ ಮಾಲು ನಮ್ದು. ನೀವು ಕಟ್ಟಿದ್ದು ಓಡಿಸಿದ್ದಕ್ಕೆ ಬಾಡಿಗೆ. ನೀವು ಹೆಬ್ಬೆಟ್ಟು ಒತ್ತಿದ ಕರಾರಲ್ಲಿ ಅಂಗೇ ಇರೋದು."

"ನಾನೆಲ್ಲಿ ಓಡಿಸ್ದೆ? ನನಗೆ ಹತ್ತೋಕೇ ಬರಲ್ಲ!"

ಒಳಗೆ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದವನು ನಕ್ಕುಬಿಟ್ಟ. ವೃಷಭೇಂದ್ರಪ್ಪ ನಗಲಿಲ್ಲ.

"ಹೋಗಿರೋ ತಿಂಗಳು ಹೋಯ್ತು ಕಣ್ರೀ. ಅದರ ಬಡ್ಡಿ ಅದರೊಳಗೇ ಸೇರಿಹೋಗಿದೆ, ಬಿಡಿಸೋಕಾಗಲ್ಲ. ತಪ್ಪಿಸಿದ ಆರನೇ ಕಂತು ಮಾತ್ರ ಕಟ್ಬೇಕು. ಆ ತಿಂಗಳೂ ಸೈಕಲ್ಲು ನಿಮ್ಮಲ್ಲೇ ಇತ್ತು."

"ಮುಂದಿಂದು?" ಕೇಳಿದವಳು ಚಾಮುಂಡೇಶ್ವರಿ.

ಗಂಡಸರಿಬ್ಬರೂ ಅವಳತ್ತ ತಿರುಗಿದರು.

"ಮುಂದಿಂದು ಇಲ್ಲಮ್ಮ. ಇವತ್ತು ಬಿಟ್ಟುಹೋದ್ರೆ ಉಳಿದ ಆರು ಕಂತೂ ಇಲ್ಲ, ಅದರೊಳಗಿನ ಬಡ್ಡೀನೂ ಇಲ್ಲ. ನಾಳೆ ಒಂದನೇ ತಾರೀಖು. ನಾಳೆ ತಂದ್ರೆ ಏಳನೇದೂ ಬಿದ್ದಿರ್ತದೆ. ಅಷ್ಟೇ ವ್ಯತ್ಯಾಸ."

ನಿಂಗಯ್ಯ ಎದ್ದು ನಿಂತ. "ಬ್ಯಾಡ ಬುಡಿ. ಆರನೇದು ಈಗ ಕಟ್ತೀನಿ, ಬೇಕಾದ್ರೆ ಇರ್ಲಿ ಅಂತ ಸಾಲ ಮಾಡಿ ತಂದಿದೀನಿ. ಉಳಿದದ್ದನ್ನೂ ಹೆಂಗಾರ ಮಾಡಿ ಕಟ್ತೀನಿ. ಇಷ್ಟು ಸುರಿದು ಈಗ ಬುಟ್ಟುಬುಟ್ರೆ ಎಲ್ಲಾ ಮಣ್ಣಾಯ್ತದೆ. ನಡಿಯವ್ವ, ಸೋಮವಾರ ಸೈಕಲ್ಲೂ ನೀನೂ ಒಟ್ಟಿಗೆ ಹೋಗೀರಂತೆ. ನಾನೇ ಬಂದು ಅವನ ಕೈಕಾಲು ಹಿಡೀತೀನಿ."

ಅವಳು ಏಳಲಿಲ್ಲ.

"ಅಪ್ಪ, ಮುಂದಿಂದೂ ಕಟ್ಟಿದ್ರೆ ಹಿಂದಿಂದು ಬತ್ತದಾ?"

"ಎಂಗೆ ಬತ್ತದೆ? ಇವರು ಹೇಳಿದ್ದು ಕೇಳ್ಲಿಲ್ವಾ?"

"ಕೇಳ್ದೆ. ಕಟ್ಟಿದ್ರೂ ಬರಲ್ಲ, ಬುಟ್ರೂ ಬರಲ್ಲ. ಮತ್ತೆ ಯಾಕೆ ಕಟ್ಟೋದು?"

"ಸೈಕಲ್ಲು ಸ್ವಂತ ಆಯ್ತದೆ, ದಡ್ಡಿ."

"ಯಾರಿಗೆ?"

ಅವಳು ಎಡಗೈಯ ಸೆರಗು ಬಿಚ್ಚಿದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ನೀಲಿ ಬಣ್ಣ ಹಳದಿಗೆ ತಿರುಗುತ್ತಿತ್ತು. ಅದರ ಕೆಳಗೆ ಹಳೆಯ ಸುಟ್ಟ ಕಲೆ. ಮನೆಗೆ ಬಂದು ಎಂಟು ದಿನವಾಗಿದ್ದರೂ ನಿಂಗಯ್ಯ ಆ ಕೈಯನ್ನು ನೋಡಿರಲಿಲ್ಲ. ನೋಡಬಾರದೆಂದು ನೋಡಿರಲಿಲ್ಲ.

ವೃಷಭೇಂದ್ರಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದರು.

"ಇವತ್ತು ಶುಕ್ರವಾರ ಕಣವ್ವ," ಎಂದ ನಿಂಗಯ್ಯ ಕೊನೆಗೆ, ದನಿ ತಗ್ಗಿಸಿ. "ನಿಮ್ಮವ್ವ ಬ್ಯಾಡ ಅಂದವ್ಳೆ. ಸೋಮವಾರ ತಂದು ಬುಡಾಣ."

"ಸೋಮವಾರ ತಂದ್ರೆ ಇನ್ನೊಂದು ಕಂತು ಬೀಳ್ತದೆ ಅಪ್ಪ. ಸೋಮವಾರ ನೀನು ನನ್ನನ್ನ ಕಡಕೊಳಕ್ಕೆ ಕಳಿಸ್ತೀಯ."

ಅವಳು ಎದ್ದು ಹ್ಯಾಂಡಲ್ಲಿನ ದಾರವನ್ನು ಬಿಚ್ಚಲು ನೋಡಿದಳು. ಗಂಟು ಬಿಗಿದುಹೋಗಿತ್ತು. ಹಲ್ಲಿನಿಂದ ಕಡಿದು ತೆಗೆದಳು. ಅದನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಮುಷ್ಟಿಯಲ್ಲೇ ಇಟ್ಟುಕೊಂಡಳು.

ನಿಂಗಯ್ಯ ಸೊಂಟದ ಚೀಲದಿಂದ ಎರಡು ಹತ್ತರ ನೋಟು ತೆಗೆದು ಮೇಜಿನ ಮೇಲಿಟ್ಟ. ವೃಷಭೇಂದ್ರಪ್ಪ ಮೂರೂವರೆ ರೂಪಾಯಿ ಚಿಲ್ಲರೆ ಕೊಟ್ಟರು. ಮಡ್‌ಗಾರ್ಡಿನ ರಿಪೇರಿಗೆ ಎರಡು ರೂಪಾಯಿ ಹಿಡಿಯಬೇಕಿತ್ತು. ಅದನ್ನು ಅವರು ಬಾಯಿ ಬಿಟ್ಟು ಹೇಳಿದರು, ಆದರೆ ಹಿಡಿಯಲಿಲ್ಲ. ಸೈಕಲ್ಲು ವಾಪಸು ಬಂದಿದೆ, ಬಾಕಿ ಏನೂ ಇಲ್ಲ ಎಂದು ರಸೀದಿ ಬರೆದು, ಇದನ್ನು ಮಾತ್ರ ಕಳೆಯಬೇಡಿ, ಇಲ್ಲದಿದ್ದರೆ ವಸೂಲಿಯವನು ಮತ್ತೆ ಬಂದಾನು ಎಂದು ಎಚ್ಚರಿಸಿ ಕೈಗಿತ್ತರು.

ಹಿಂತಿರುಗುವ ದಾರಿಯಲ್ಲಿ ನಿಂಗಯ್ಯನಿಗೆ ಕೈಗಳನ್ನು ಏನು ಮಾಡಬೇಕೆಂದು ಗೊತ್ತಾಗಲಿಲ್ಲ. ಬೆನ್ನ ಹಿಂದೆ ಕಟ್ಟಿಕೊಂಡ, ಮತ್ತೆ ಬಿಟ್ಟ. ಇಬ್ಬರು ಚಿಕ್ಕ ಹೆಣ್ಣುಮಕ್ಕಳು ಮನೆಯಲ್ಲಿದ್ದರು. ಮೊದಲನೆಯವಳು ಮರಳಿ ಬಂದ ಮನೆಗೆ ಯಾರು ಹೆಣ್ಣು ಕೇಳಿಕೊಂಡು ಬರುತ್ತಾರೆ? ಆ ಮಾತನ್ನು ಅವನು ಆಡಲಿಲ್ಲ. ಆಡದಿದ್ದರೂ ಅದು ಇಬ್ಬರ ನಡುವೆ ನಡೆದುಕೊಂಡೇ ಬರುತ್ತಿತ್ತು. ಚಾಮುಂಡೇಶ್ವರಿಗೂ ಅದು ಕೇಳಿಸುತ್ತಿತ್ತು.

ಪಡುವಾರಹಳ್ಳಿಯಲ್ಲಿ ತಿಮ್ಮಮ್ಮ ಒಲೆಗೆ ಸೌದೆ ನೂಕುತ್ತ ತಲೆಯೆತ್ತಿದಳು.

"ಸೈಕಲ್ ಎಲ್ಲಿ ನಿಂಗಣ್ಣ? ಅಳಿಯ ತಕ್ಕೊಂಡ್ ಹೋದ್ನಾ? ಮಗಳು ಸೋಮವಾರ ಹೊರಡ್ತಾಳಾ?"

ನಿಂಗಯ್ಯ ಈ ಸಲ ನಿಂತ. ಒಲೆಯ ಹೊಗೆ ಅವನ ಮುಖಕ್ಕೆ ಬರುತ್ತಿತ್ತು. ಅವನು ಮಗಳ ಕಡೆ ನೋಡಲಿಲ್ಲ.

"ಇಲ್ಲ ಕಣವ್ವ," ಎಂದ. "ಇಲ್ಲೇ ಇರ್ತಾಳೆ."

ತಿಮ್ಮಮ್ಮ ಇನ್ನೇನೋ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ನಡೆಯಲು ಶುರುಮಾಡಿದ್ದ, ಬಹಳ ಬೇಗ, ಮಗಳು ಓಡಿ ಕೂಡಿಕೊಳ್ಳಬೇಕಾಗುವಷ್ಟು ಬೇಗ.