ರಜಾ

ಡೋಣಿ ಎಂಬ ಊರಿನ ಆಚೆ ಬಸ್ಸಿಳಿದ ಅನ್ನಪೂರ್ಣವ್ವ ಮೊದಲು ಹುಡುಕಿದ್ದು ಗೋಡೆಯನ್ನು. ಜೈಲೆಂದ ಮೇಲೆ ಗೋಡೆ ಇರಲೇಬೇಕಲ್ಲ. ಎದುರಿಗೆ ಕಪ್ಪತಗುಡ್ಡದ ಇಳಿಜಾರು, ಅದರ ಬುಡದಲ್ಲಿ ನಾಲ್ಕಾರು ತಗಡಿನ ಶೆಡ್ಡುಗಳು, ಒಂದು ಬಾವಿ, ಹಗ್ಗದ ಮೇಲೆ ಒಣಹಾಕಿದ ಬಿಳಿ ಅಂಗಿಗಳು. ಒಂದಿಷ್ಟು ಗಂಡಸರು ಗುಡ್ಡದಲ್ಲಿ ಸಸಿ ನೆಡಲು ಗುಂಡಿ ತೋಡುತ್ತಿದ್ದರು. ಅವರನ್ನು ಕಾಯಬೇಕಾದ ಪೇದೆ ಬೇವಿನ ನೆರಳಲ್ಲಿ ಕೂತು ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತಿದ್ದ. ಬಂದೂಕಿನ ಮಾತು ಹಾಗಿರಲಿ, ಅವನ ಹತ್ತಿರ ಒಂದು ಗಟ್ಟಿ ಬಡಿಗೆಯೂ ಇರಲಿಲ್ಲ.

"ಜೈಲು ಎಲ್ಲಿ ಐತ್ರೀ ಇಲ್ಲಿ?"

"ನೀವು ನಿಂತ ಜಾಗಾನ ಜೈಲು, ಯವ್ವಾ," ಎಂದ ಪೇದೆ.

ಅನ್ನಪೂರ್ಣವ್ವನ ಮೈ ಉರಿಯಿತು. ಲಕ್ಷ್ಮೇಶ್ವರದ ಪೇಟೆಯಲ್ಲಿ ಯಾರ ಬಂಡಿ ಮೊದಲು ಖಾಲಿ ಮಾಡಬೇಕೆಂಬ ಜಗಳದಲ್ಲಿ ಬಂಡಿಯ ಗೂಟ ಕಿತ್ತು ಅವಳ ಗಂಡನ ತಲೆಗೆ ಹೊಡೆದವನು ಯಂಕಪ್ಪ. ಜೋಳದ ಚೀಲದ ಮೇಲೆ ಬಿದ್ದ ಗಂಡ ಮತ್ತೆ ಏಳಲಿಲ್ಲ. ಜೀವಾವಧಿ ಶಿಕ್ಷೆಯಾಯಿತು ಎಂದಾಗ ಅವಳಿಗೆ ಕಂಡಿದ್ದು ಕತ್ತಲ ಕೋಣೆ, ಕಬ್ಬಿಣದ ಸರಳು. ಆ ಚಿತ್ರವನ್ನೇ ನೆಚ್ಚಿಕೊಂಡು ಇಷ್ಟು ವರ್ಷ ರಾತ್ರಿ ನಿದ್ದೆ ಮಾಡಿದ್ದಳು. ಈಗ ನೋಡಿದರೆ ಕೊಂದವನು ಗುಡ್ಡದ ಗಾಳಿ ಕುಡಿದುಕೊಂಡು ಆರಾಮಾಗಿದ್ದಾನೆ!

ಹೋದ ವಾರ ಠಾಣೆಯಿಂದ ಹೊಸ ಹವಾಲ್ದಾರ ಬಂದಿದ್ದ. ಮಳೆಗೆ ಯಂಕಪ್ಪನ ಮನೆಯ ಗೋಡೆ ಬಿದ್ದಿದೆ, ಜೈಲಿನಿಂದ ಕೆಲವು ದಿನ ಬಂದು ಕಟ್ಟುತ್ತಾನಂತೆ, ನಿಮ್ಮ ತಕರಾರು ಇದೆಯೇ ಎಂದು ಕೇಳಿದ. ಯಂಕಪ್ಪನ ಮನೆ ಎರಡು ಓಣಿ ಆಚೆಗಷ್ಟೆ. ಅನ್ನಪೂರ್ಣವ್ವನ ಮನೆಯಲ್ಲಿ ಮೀಸೆ ಬಂದ ಮಗನಿದ್ದಾನೆ. ಅಪ್ಪನನ್ನು ಕೊಂದವನು ಎದುರಿಗೆ ಸಿಕ್ಕರೆ ಅವನ ಕೈ ಸುಮ್ಮನಿದ್ದೀತೇ? ಗಂಡನನ್ನು ಮಣ್ಣಿಗಿಟ್ಟವಳು ಮಗನನ್ನೂ ಜೈಲಿಗೆ ಕಳಿಸಬೇಕೇ? ಮೊದಲು ಅವನಿರುವ ಜಾಗ ಕಣ್ಣಾರೆ ನೋಡುತ್ತೇನೆ, ಆಮೇಲೆ ಹೇಳುತ್ತೇನೆ ಎಂದು ಹವಾಲ್ದಾರನನ್ನು ಸಾಗಹಾಕಿದ್ದಳು.

ಆ ಬಯಲು ಜೈಲಿನ ಜೈಲರು ಮಹಬೂಬಸಾಬ ಎಂಬ ತೆಳ್ಳಗಿನ ಮನುಷ್ಯ. ಖುರ್ಚಿ ಹಾಕಿಸಿದರು, ಚಹಾ ತರಿಸಿದರು. ಅನ್ನಪೂರ್ಣವ್ವ ಚಹಾ ಮುಟ್ಟಲಿಲ್ಲ.

"ಇದ ಶಿಕ್ಷಾ ಅಂತೀರೇನ್ರೀ ಸಾಹೇಬ್ರ? ನಮ್ಮ ಮನ್ಯಾಗಿನ ಎತ್ತಿಗೂ ಒಂದು ಹಗ್ಗ ಐತಿ."

"ಎಲ್ಲಾರನ್ನೂ ಇಲ್ಲಿಗೆ ತರಂಗಿಲ್ಲ ತಾಯಿ. ವರ್ಷಗಟ್ಟಲೆ ಗ್ವಾಡಿ ಒಳಗ ಕಳದು, ನಡತಿ ಚಲೋ ಇದ್ದವರನ್ನ ಕಮಿಟಿ ಆರಿಸತೈತಿ. ಮುಂಜಾನಿ ಹಾಜರಿ, ಸಂಜಿಗೆ ಹಾಜರಿ. ಕೆಲವರು ಹಗಲೊತ್ತು ಊರಾಗಿನ ಹೊಲಕ್ಕ ದುಡಿಯಾಕೂ ಹೋಗ್ತಾರ, ಹಾಜರಿಗೆ ತಿರುಗಿ ಬರ್ತಾರ. ಕೂಲಿ ಕೊಡ್ತೀವಿ, ಅದನ್ನ ಮನಿಗೆ ಕಳಸ್ತಾರ. ಚಲೋ ದುಡಿದ್ರ ಶಿಕ್ಷಾದಾಗ ಮಾಫಿ ಜಾಸ್ತಿ. ಓಡಿದ್ರ ಮಾಫಿ ಹೋತು, ಮತ್ತ ಗ್ವಾಡಿ ಒಳಗ."

"ಓಡ್ಯಾರೇನು ಯಾರರೆ?"

"ಒಬ್ಬ ಓಡಿದ್ದ, ಹಿಡದು ತಂದ್ರು. ಉಳಿದವರು ಯಾರೂ ಓಡಿಲ್ಲ. ಇಲ್ಲಿಂದ ಬಿಡುಗಡಿ ಆದವರೂ ಮತ್ತ ಜೈಲಿಗೆ ಬಂದದ್ದು ಭಾಳ ಕಡಿಮಿ."

ಅನ್ನಪೂರ್ಣವ್ವ ನಕ್ಕಳು. ಕಾಳಿನ ಪೇಟೆಯಲ್ಲಿ ಬದುಕಿದವಳು ಅವಳು. ಚೀಲದ ಬಾಯಲ್ಲಿ ಒಳ್ಳೆಯ ಕಾಳಿಟ್ಟು ತೋರಿಸುವವರನ್ನು ಬೇಕಾದಷ್ಟು ನೋಡಿದ್ದಳು.

"ಓಡಲಾರದವರನ್ನ ಆರಿಸಿ ತರೋರು ನೀವ. ಆಮ್ಯಾಲೆ ಓಡಲಿಲ್ಲ ಅಂತ ಹೇಳೋರೂ ನೀವ. ಚಲೋ ಐತ್ರೀ ನಿಮ್ಮ ಲೆಕ್ಕ!"

ಜೈಲರು ಸಿಟ್ಟಾಗಲಿಲ್ಲ. ಚಹಾದ ಕಪ್ಪು ಕೆಳಗಿಟ್ಟರು.

"ಖರೆ ಐತಿ ತಾಯಿ. ಬೆಂಗಳೂರಿಂದ ಬಂದ ಸಾಹೇಬ್ರಿಗೂ ನಾ ಇದನ್ನ ಹೇಳೀನಿ. ಜಾಗಾ ಸುಧಾರಿಸ್ತೋ, ಸುಧಾರಿಸಿದವರು ಜಾಗಕ್ಕ ಬಂದ್ರೋ, ನನಗೂ ಗೊತ್ತಿಲ್ಲ. ನಡತಿ ಚಲೋ ಇದ್ದವರೊಳಗ ಒಂದಿಷ್ಟು ಮಂದಿನ್ನ ಗ್ವಾಡಿ ಒಳಗ ಬಿಟ್ಟು, ಒಂದಿಷ್ಟು ಮಂದಿನ್ನ ಇಲ್ಲಿಟ್ಟು ನೋಡಿದ್ರ ತಿಳೀಬಹುದು. ಯಾರೂ ನೋಡಿಲ್ಲ."

ಸರಕಾರಿ ಮನುಷ್ಯ ಇಷ್ಟು ಸಲೀಸಾಗಿ ಸೋಲೊಪ್ಪಿಕೊಂಡದ್ದು ಅವಳಿಗೆ ಇನ್ನೂ ಅನುಮಾನ ಹುಟ್ಟಿಸಿತು. ಏನೋ ಹೂಟ ಇರಬೇಕು.

"ಹೋದ ಸಲ ಯಂಕಪ್ಪ ಊರಿಗೆ ಹೋಗಿಬರಾಕ ರಜಾ ಕೇಳಿದಾಗ ನೀವು ಒಲ್ಲೆ ಅಂದ್ರಿ, ನಾವೂ ಕೊಡಲಿಲ್ಲ. ಅವನ ತಾಯಿ ಹಾಸಿಗಿ ಹಿಡಿದಿದ್ಲು. ಮಗನ ಮಾರಿ ನೋಡದ ಸತ್ತಳು," ಎಂದರು ಜೈಲರು.

"ರಜಾ? ನನ್ನನ್ನ ರಜಾ ಯಾರು ಕೇಳಿದ್ರು? ಹಳೇ ಹವಾಲ್ದಾರ ಕೇಳಿದ್ದು ರಾಜಿ!"

ಹೇಳುತ್ತಿದ್ದಂತೆಯೇ ಅವಳಿಗೆ ಆ ದಿನ ನೆನಪಾಯಿತು. ಅಂದು ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಹಳೇ ಹವಾಲ್ದಾರ ಬಾಯ್ತುಂಬ ಎಲೆ ಹಾಕಿಕೊಂಡು, ಸೈಕಲ್ಲಿನಿಂದ ಕಾಲೂ ಇಳಿಸದೆ, ಯಂಕಪ್ಪನ ಏನೋ ಒಂದಕ್ಕೆ ಒಪ್ಪುತ್ತೀರೇನು ಎಂದು ಅಸ್ಪಷ್ಟವಾಗಿ ಕೇಳಿದ. ಆಗ ಯಂಕಪ್ಪನ ಬಳಗದವರು ಎರಡೂ ಮನೆಗೆ ರಾಜಿ ಮಾಡಿಸಲು ಹಿರಿಯರನ್ನು ಮೇಲಿಂದ ಮೇಲೆ ಕಳಿಸುತ್ತಿದ್ದ ಕಾಲ. ಅವಳ ಕಿವಿಗೆ ಬಿದ್ದದ್ದು ರಾಜಿ. "ನನ್ನ ಗಂಡನ ಹೆಣದ ಮ್ಯಾಲೆ ರಾಜಿ ಮಾಡಸಾಕ ಬಂದಿಯೇನು?" ಎಂದು ಮೊರ ಎತ್ತಿದ್ದಳು. ಹವಾಲ್ದಾರ ಸೈಕಲ್ ತಿರುಗಿಸಿದ. ಆಮೇಲೆ ಮುದುಕಿಯ ಹೆಣ ಓಣಿಯಲ್ಲಿ ಹಾದುಹೋದಾಗ ಬಾಗಿಲು ಹಾಕಿಕೊಂಡಿದ್ದಳು. ಆ ಮುದುಕಿ ಅವಳಿಗೆ ಏನೂ ಮಾಡಿರಲಿಲ್ಲ.

"ಅವನ್ನ ಕರೀರಿ," ಎಂದಳು.

ಯಂಕಪ್ಪ ಬಂದ. ಮೊಣಕೈವರೆಗೆ ಮಣ್ಣು, ತಲೆಯೆಲ್ಲ ನರೆತಿತ್ತು. ಅವಳನ್ನು ಕಂಡವನೇ ಕತ್ತು ಕೆಳಗೆ ಹಾಕಿದ. ಅನ್ನಪೂರ್ಣವ್ವ ಧ್ವನಿ ಗಟ್ಟಿ ಮಾಡಿಕೊಂಡಳು.

"ಗ್ವಾಡಿ ಇಲ್ಲ, ಬಾಗಿಲಿಲ್ಲ. ಹಡೆದಾಕಿ ಸಾಯಾಕತ್ತಾಗ ಯಾಕ ಓಡಿ ಬರಲಿಲ್ಲ? ಎಂಥಾ ಮಗ ನೀ?"

ಯಂಕಪ್ಪ ನೆಲ ನೋಡುತ್ತಲೇ ಹೇಳಿದ.

"ರಸ್ತಾದ ತನಕ ಹೋಗಿದ್ನೆವ್ವಾ. ಲಕ್ಷ್ಮೇಶ್ವರದ ಬಸ್ಸೂ ಬಂತು, ನಿಂತಿತು."

ಜೈಲರು ಥಟ್ಟನೆ ತಲೆ ಎತ್ತಿದರು. ಈ ಸಂಗತಿ ಅವರಿಗೂ ಹೊಸದೆಂಬುದು ಅವರ ಮುಖದಲ್ಲೇ ಕಂಡಿತು. ಕೇಳದೆ ಜೈಲಿನ ಗಡಿ ದಾಟಿದ್ದೇ ತಪ್ಪು, ಇಷ್ಟಕ್ಕೇ ಅವನನ್ನು ಗೋಡೆಯೊಳಗೆ ಕಳಿಸಬಹುದು. ಅದು ಗೊತ್ತಿದ್ದೂ ಯಂಕಪ್ಪ ಹೇಳಿದ್ದ.

"ಹತ್ತಲಿಲ್ಲ. ನನ್ನ ಶೆಡ್ಡಿನ ಮುದುಕಂದು ಬಿಡುಗಡಿ ಸಮೀಪ ಬಂದಿತ್ತು. ನಾ ಓಡಿದ್ರ, ಬಯಲಾಗ ಇಟ್ಟದ್ದ ತಪ್ಪಾತು ಅಂತ ಎಲ್ಲಾರನ್ನೂ ಒಳಗ ಒಯ್ದಾರು ಅನಸ್ತು. ಮತ್ತ..." ಅವನು ಅಂಗೈಯ ಮಣ್ಣು ಉಜ್ಜಿದ. "ನಮ್ಮ ಮನಿಗೆ ಹೋಗಬೇಕಂದ್ರ ನಿಮ್ಮ ಮನಿ ಮುಂದ ಹಾಯಬೇಕಲ್ಲವ್ವಾ. ಅಂಜಿದೆ."

ಮಹಬೂಬಸಾಬರು ಅವನನ್ನು ಗದರಿಸಲಿಲ್ಲ. ಕೇಳಿಯೇ ಇಲ್ಲವೆಂಬಂತೆ ಎದ್ದು ಹೋಗಿ, ಗುಡ್ಡದ ಕಡೆ ಮುಖ ಮಾಡಿ ನಿಂತರು. ಅನ್ನಪೂರ್ಣವ್ವ ಅವರ ಬೆನ್ನನ್ನೂ ನೋಡಿದಳು, ಇವನ ಬಾಗಿದ ಕತ್ತನ್ನೂ ನೋಡಿದಳು. ಅಳು ಬಂತು, ಆದರೆ ಇವನೆದುರು ಅಳುವವಳಲ್ಲ ಅವಳು.

"ರಜಾಕ್ಕ ಬಂದ್ರ ಏನೇನು ಕಟ್ಟಳೆ?" ಎಂದಳು.

"ಜಾಮೀನು ಬೇಕು. ದಿನಾ ನಿಮ್ಮೂರ ಠಾಣೆಯೊಳಗ ಹಾಜರಿ. ರಜಾದ ದಿನ ಶಿಕ್ಷಾದಾಗ ಹಿಡಿಯಂಗಿಲ್ಲ, ತಿರುಗಿ ಬಂದು ಅಷ್ಟನ್ನೂ ಕಳೀಬೇಕು," ಎಂದರು ಜೈಲರು, ಅತ್ತ ತಿರುಗಿದಂತೆಯೇ.

"ಮಗನ್ನ ಅಷ್ಟು ದಿನ ಬೆಟಗೇರಿಗೆ ನಮ್ಮಕ್ಕನ ಮನಿಗೆ ಕಳಸ್ತೀನಿ. ಇವ ಬರಲಿ, ಗ್ವಾಡಿ ಕಟ್ಟಿ ಹೋಗಲಿ. ಹವಾಲ್ದಾರಗ ನಾನ ಹೇಳ್ತೀನಿ, ರಜಾಕ್ಕ ತಕರಾರಿಲ್ಲ ಅಂತ." ಸೆರಗು ಬಿಗಿದು ಎದ್ದಳು. "ರಾಜಿ ಮಾತ್ರ ಇಲ್ಲ, ತಿಳಕೋ."

"ಅದನ್ನ ನಾ ಕೇಳಂಗೂ ಇಲ್ಲವ್ವಾ," ಎಂದ ಯಂಕಪ್ಪ.

ಮರಳುವ ಬಸ್ಸು ಗಿಜಿಗುಡುತ್ತಿತ್ತು. ಶಿರಹಟ್ಟಿಗೆ ಹೊರಟಿದ್ದ ಸಾವಿತ್ರೆವ್ವ ಎಂಬ ಹೆಂಗಸು ಸರಿದು ಕೂತು ಜಾಗ ಮಾಡಿಕೊಟ್ಟಳು. ಕಿಟಕಿಯಾಚೆ ತಗಡಿನ ಶೆಡ್ಡುಗಳು ಹಿಂದೆ ಸರಿಯುವಾಗ ಮೆಲ್ಲಗೆ ಕೇಳಿದಳು:

"ಆ ಕೈದಿಗಳೊಳಗ ನಿಮ್ಮವರು ಯಾರರೆ ಅದಾರೇನ್ರೀ?"

ಬಸ್ಸು ಒಂದು ತಿರುವು ದಾಟಿತು, ಇನ್ನೊಂದು ದಾಟಿತು.

"ನಮ್ಮೂರಾವ ಒಬ್ಬ ಅದಾನ," ಎಂದಳು ಅನ್ನಪೂರ್ಣವ್ವ.

ಸಾವಿತ್ರೆವ್ವ ಲೊಚಗುಟ್ಟಿ ಅವಳ ಕೈ ಮೇಲೆ ಕೈಯಿಟ್ಟಳು. ಅನ್ನಪೂರ್ಣವ್ವ ಆ ಕೈಯನ್ನು ಸರಿಸಲಿಲ್ಲ.