ಹುಚ್ಚಕ್ಕನ ತೂಕ

ರಜೆಯಿಲ್ಲದ ಹನ್ನೊಂದನೇ ದಿನ. ನಾನು ಧನ್ಯಶ್ರೀ, ಫಾರ್ಮ್-ಡಿ ಇಂಟರ್ನ್. ರೋಗಿಗಳ ಡೋಸು ಸರಿಯಿದೆಯೇ ಎಂದು ನೋಡುವುದು ನನ್ನ ಕೆಲಸ. ತಿಪಟೂರಿನ ಈ ಆಸ್ಪತ್ರೆಯಲ್ಲಿ ನನ್ನನ್ನು ಎಲ್ಲರೂ ಮಾತ್ರೆ ಮೇಡಂ ಅನ್ನುತ್ತಾರೆ. ಕಾಲು ನೋವಿಗೆ ಮಾತ್ರ ನನ್ನ ಹತ್ತಿರ ಮಾತ್ರೆಯಿಲ್ಲ.

ಆರನೇ ಮಂಚದಲ್ಲಿ ಎಂಬತ್ತೊಂದರ ಹುಚ್ಚಕ್ಕ. ಎರಡು ದಿನದಿಂದ ಮಂಪರು. ತಲೆಯ ಸ್ಕ್ಯಾನು, ಸಕ್ಕರೆ, ಸೋಡಿಯಂ ಎಲ್ಲ ಸರಿ.

"ನಾಳೆ ಮನೆಗೆ ಕರ್ಕೊಂಡೋಯ್ತೀವಿ ಕಣವ್ವಾ," ಎಂದು ನನಗೆ ಹೇಳಿದರು ಆಕೆಯ ಮಗ ಲಕ್ಕಯ್ಯ, ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುವವರು. "ಶೆಟ್ಟಿಕೆರೆಯಿಂದ ನೆಂಟ್ರು ಬತ್ತಾವ್ರೆ. ಆಯಸ್ಸು ಮುಗೀತು ಬುಡು."

ನಾನು ಹಳೆಯ ಚೀಟಿ ತೆಗೆದೆ. ಮೂರು ವಾರದ ಹಿಂದೆ ಸರ್ಪಸುತ್ತಿನ ಉರಿಗೆ ಗ್ಯಾಬಾಪೆಂಟಿನ್, ಮುನ್ನೂರು ಮಿಲಿಗ್ರಾಂ, ದಿನಕ್ಕೆ ಮೂರು. ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಒಂದು, ತೂಕ ಐವತ್ತೆರಡು. ಲೆಕ್ಕ ಹಾಕಿದರೆ ಮೂತ್ರಪಿಂಡದ ಸಾಮರ್ಥ್ಯ ಮೂವತ್ತಾರು, ಡೋಸು ಮಿತಿಯೊಳಗೇ. ಕೆಳಗೆ ಸಹಿ ನನ್ನದೇ.

ಅಷ್ಟರಲ್ಲಿ ನರ್ಸು ಹಾಸಿಗೆ ಬಟ್ಟೆ ಬದಲಾಯಿಸಲು ಬಂದಳು. ಲಕ್ಕಯ್ಯ ತಾಯಿಯನ್ನು ಎತ್ತಿಕೊಂಡರು. ಅವರಿಗೆ ಭಾರವೇ ಆದಂತೆ ಕಾಣಲಿಲ್ಲ.

"ಐವತ್ತೆರಡು ಕೆಜಿ ಅಂತ ಬರೆದಿದೆ," ಎಂದೆ.

"ಯಾರ್ ಬರ್ದಿದ್ದು? ಮೂವತ್ತು ವರ್ಷ ಮೂಟೆ ಎತ್ತಿದ ಕೈ ಇದು. ಮೂವತ್ತೈದು ದಾಟಕ್ಕಿಲ್ಲ. ಐವತ್ತೆರಡು ಹೋದೊರ್ಷದ ಮಾತು, ನಾನೇ ಹೇಳಿದ್ದೆ."

ನಾನು ಕೇಳಿದ್ದನ್ನೇ ಬರೆದುಕೊಂಡಿದ್ದೆ, ತೂಗಿರಲಿಲ್ಲ. ಲಕ್ಕಯ್ಯ ತಾಯಿಯನ್ನೆತ್ತಿಕೊಂಡೇ ತೂಕದ ಯಂತ್ರ ಹತ್ತಿದರು, ಆಮೇಲೆ ಆಕೆಯನ್ನು ಮಲಗಿಸಿ ಒಬ್ಬರೇ ಹತ್ತಿದರು. ಕಳೆದಾಗ ಉಳಿದದ್ದು ಮೂವತ್ತನಾಲ್ಕು. ಮತ್ತೆ ಲೆಕ್ಕ ಹಾಕಿದೆ. ಮೂತ್ರಪಿಂಡದ ಸಾಮರ್ಥ್ಯ ಇಪ್ಪತ್ನಾಲ್ಕೂ ಬರಲಿಲ್ಲ. ಅಂಥವರಿಗೆ ದಿನಕ್ಕೆ ಏಳುನೂರು ಮಿಲಿಗ್ರಾಂ ದಾಟಬಾರದು. ಈಕೆ ನುಂಗುತ್ತಿದ್ದದ್ದು ಒಂಬೈನೂರು.

"ರಿಪೋರ್ಟು ಸರಿ ಅಂದ್ರಲ್ಲ ಮೇಡಂ?" ಎಂದರು ಲಕ್ಕಯ್ಯ.

"ಕ್ರಿಯಾಟಿನಿನ್ ಹುಟ್ಟೋದು ಮಾಂಸಖಂಡದಿಂದ. ಅಜ್ಜಿ ಮೈಯಲ್ಲಿ ಮಾಂಸವೇ ಇಲ್ಲ, ಅದಕ್ಕೇ ಮೂತ್ರಪಿಂಡ ಸೋತಿದ್ರೂ ರಿಪೋರ್ಟು ಚೆನ್ನಾಗಿ ಕಾಣ್ತು. ಈ ಮಾತ್ರೆ ಹೊರಗೆ ಹೋಗೋದು ಮೂತ್ರದಲ್ಲೇ. ಕೆರೆಯ ತೂಬಿಗೆ ಹೂಳು ತುಂಬಿ, ಕೆರೆಗೆ ನೀರು ಮಾತ್ರ ಬರ್ತಾನೇ ಇದ್ರೆ? ಹಂಗೇ ಔಷಧಿ ಒಳಗೇ ನಿಂತಿದೆ." ಆಮೇಲೆ ಸೇರಿಸಿದೆ: "ತಪ್ಪು ನನ್ನದು. ತೂಗಬೇಕಿತ್ತು."

ಅವರು ತಾಯಿಯ ಹೊದಿಕೆ ಸರಿಮಾಡಿದರು. ಬೈದಿದ್ದರೆ ವಾಸಿಯಿತ್ತು.

ಡಾಕ್ಟರು ರೇಣುಕಪ್ರಸಾದ್ ಲೆಕ್ಕ ನೋಡಿ ಮಾತ್ರೆ ನಿಲ್ಲಿಸಿದರು. ಎಚ್ಚರವಾದ ಮೇಲೆ ರಾತ್ರಿಗೆ ಒಂದೇ ಎಂದರು. ಔಷಧಿ ಮೈಯಿಂದ ಇಳಿಯಲು ದಿನಗಳೇ ಬೇಕು ಎಂದಾಗ ಲಕ್ಕಯ್ಯ ನೆಂಟರಿಗೆ ಫೋನು ಮಾಡಿ ಸದ್ಯ ಬರಬೇಡಿ ಎಂದರು.

ನಾಲ್ಕನೇ ದಿನ ಬೆಳಿಗ್ಗೆ ಹುಚ್ಚಕ್ಕ ಕಣ್ಣು ಬಿಟ್ಟಳು. "ಪಕ್ಕೆ ಉರೀತದೆ ಕಣ್ಲಾ," ಎಂದು ಮಗನನ್ನು ಗದರಿದಳು.

ನಾನು ಗೋಡೆಗೆ ಒರಗಿ ಅತ್ತೆ. ಲಕ್ಕಯ್ಯ ನನ್ನತ್ತ ನೋಡದೆ ಹೇಳಿದರು:

"ಏಳನೇ ಮಂಚಕ್ಕೆ ಯಾರೋ ಅಜ್ಜನ್ನ ತಂದವ್ರೆ. ಬಾರವ್ವ, ತೂಗಾನ."